ಬಿಲ್ ಬಾಕಿಯ ಮೂರು ವರ್ಷ: ಸಹಿ ಯಾವಾಗ ಬೀಳಬೇಕು, ಬಿದ್ದರೆ ಏನಾಗುತ್ತದೆ

ಹಾಸನದಲ್ಲಿ ವಕೀಲಿ ಮಾಡುವ ನನ್ನ ಬಳಿ ಪ್ರತಿ ವರ್ಷವೂ ನಾಲ್ಕೈದು ಜನ ವ್ಯಾಪಾರಿಗಳು ಒಂದೇ ಬಗೆಯ ಕಡತವನ್ನು ಹಿಡಿದು ಬರುತ್ತಾರೆ. ಸರಕು ಕೊಟ್ಟದ್ದಕ್ಕೆ ಬಿಲ್ ಇರುತ್ತದೆ, ಡೆಲಿವರಿ ಚಲನ್ ಇರುತ್ತದೆ, ಕೊಂಡವರು ಸರಕು ಬಂದಿಲ್ಲವೆಂದು ಒಮ್ಮೆಯೂ ಹೇಳಿರುವುದಿಲ್ಲ. ಆದರೂ ದಾವೆ ಹೂಡಲು ಬರುವುದಿಲ್ಲ, ಏಕೆಂದರೆ ಮೂರು ವರ್ಷ ಕಳೆದುಹೋಗಿರುತ್ತದೆ. ಈ ನಷ್ಟವನ್ನು ಬಹುತೇಕ ಸಂದರ್ಭಗಳಲ್ಲಿ, ಕೊಂಡವರು ಬಾಕಿಯನ್ನು ಒಪ್ಪಿ ಸಹಿ ಮಾಡಿದ ಒಂದು ಹಾಳೆ ಕಾಗದ ತಪ್ಪಿಸಬಹುದಾಗಿತ್ತು. ಆ ಕಾಗದದಲ್ಲಿ ಏನಿರಬೇಕು, ಯಾರು ಸಹಿ ಮಾಡಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಆ ಸಹಿ ಯಾವ ದಿನದೊಳಗೆ ಬೀಳಬೇಕು ಎಂಬುದನ್ನು ಒಂದು ಉದಾಹರಣೆಯ ಮೂಲಕ ಇಲ್ಲಿ ವಿವರಿಸುತ್ತೇನೆ. ಉದಾಹರಣೆ ನಾನೇ ಕಟ್ಟಿದ್ದು; ಅದರಲ್ಲಿನ ತಪ್ಪುಗಳು ಮಾತ್ರ ನಾನು ಮತ್ತೆ ಮತ್ತೆ ಕಂಡವು.

ಹಾಸನದ ಬಿ.ಎಂ. ರಸ್ತೆಯ ಒಬ್ಬ ಪಂಪ್‌ಸೆಟ್ ವ್ಯಾಪಾರಿ, ಸಕಲೇಶಪುರದ ಕಡೆಯ ಒಂದು ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಪೈಪುಗಳನ್ನು ಕೊಟ್ಟರು ಎಂದುಕೊಳ್ಳಿ. ತೋಟವು ಇಬ್ಬರು ಪಾಲುದಾರರ ಸಂಸ್ಥೆ. ಹೂಮಳೆ ಕೈಕೊಟ್ಟರೆ ನೀರು ಹಾಯಿಸಲೇಬೇಕಾದ ಕಾರಣ, ಪೈಪುಗಳು 2023ರ ಜನವರಿ 18ರಂದು ತೋಟ ತಲುಪಿದವು. ಬಿಲ್ ಮೊತ್ತ 1,84,000 ರೂಪಾಯಿ. ಹಣ ಎಂದು ಕೊಡಬೇಕೆಂದು ಬಿಲ್ಲಿನಲ್ಲಿ ಏನೂ ಬರೆದಿಲ್ಲ. "ಕಾಫಿ ಮಾರಿದ ಮೇಲೆ ಕೊಡ್ತೀವಿ" ಎಂಬ ಮಾತಷ್ಟೇ ಆಗಿತ್ತು. ಮರುವರ್ಷ 2024ರ ಫೆಬ್ರವರಿ 9ರಂದು ಪಂಪ್ ಹಾಗೂ ಬಿಡಿಭಾಗಗಳು ಹೋದವು. ಈ ಎರಡನೇ ಬಿಲ್ 96,500 ರೂಪಾಯಿಯದು, ಮತ್ತು ಅದರಲ್ಲಿ ಮೂವತ್ತು ದಿನಗಳ ವಾಯಿದೆಯನ್ನು ಅಚ್ಚುಮಾಡಲಾಗಿತ್ತು. ಎರಡೂ ಬಿಲ್ಲುಗಳ ಹಣ ಬರಲಿಲ್ಲ.

ಮೊದಲು, ಪ್ರತಿ ಬಿಲ್ಲಿಗೂ ಪ್ರತ್ಯೇಕ ಕೊನೆಯ ದಿನವನ್ನು ಬರೆದುಕೊಳ್ಳಿ

ವ್ಯಾಪಾರಿಯ ಪುಸ್ತಕದಲ್ಲಿ ಇವೆರಡೂ ಸೇರಿ 2,80,500 ರೂಪಾಯಿಯ ಒಂದೇ ಬಾಕಿಯಾಗಿ ಕಾಣುತ್ತವೆ, ಆದರೆ ದಾವೆ ಹೂಡಲು ಕಾಲಮಿತಿ ಹಾಕುವ 1963ರ ಲಿಮಿಟೇಷನ್ ಕಾಯ್ದೆ ಅವನ್ನು ಎರಡು ಬೇರೆ ಬೇರೆ ಸಾಲಗಳಾಗಿ ನೋಡುತ್ತದೆ. ಸಾಲಕ್ಕೆ ಕೊಟ್ಟ ಸರಕಿಗೆ ಹಣ ಕೊಡುವ ಅವಧಿ ನಿಗದಿಯಾಗಿರದಿದ್ದರೆ, ಆ ಕಾಯ್ದೆಯ ಪಟ್ಟಿಯ 14ನೇ ಅನುಚ್ಛೇದದಂತೆ, ಸರಕು ತಲುಪಿದ ದಿನದಿಂದ ಮೂರು ವರ್ಷ. ನಿರ್ದಿಷ್ಟ ವಾಯಿದೆ ಒಪ್ಪಿಕೊಂಡಿದ್ದರೆ, 15ನೇ ಅನುಚ್ಛೇದದಂತೆ, ವಾಯಿದೆ ಮುಗಿದ ದಿನದಿಂದ ಮೂರು ವರ್ಷ. ಸರಕಿನ ಬದಲು ಕೆಲಸದ ಹಣವಾದರೆ, ಉದಾಹರಣೆಗೆ ಮೋಟಾರ್ ರಿವೈಂಡಿಂಗ್ ಮಾಡಿಕೊಟ್ಟದ್ದಕ್ಕೆ, ಹಣ ಕೊಡುವ ದಿನ ಗೊತ್ತುಮಾಡಿರದಿದ್ದಲ್ಲಿ, 18ನೇ ಅನುಚ್ಛೇದದಂತೆ ಕೆಲಸ ಮುಗಿದ ದಿನದಿಂದ ಲೆಕ್ಕ.

"ಕಾಫಿ ಮಾರಿದ ಮೇಲೆ" ಎಂಬುದು ನಮ್ಮ ಮಲೆನಾಡಿನಲ್ಲಿ ಎಲ್ಲರಿಗೂ ಅರ್ಥವಾಗುವ ಮಾತು, ಆದರೆ ಅದನ್ನು ನಿರ್ದಿಷ್ಟ ವಾಯಿದೆಯೆಂದು ನಂಬಿ ಕೂರುವುದು ಅಪಾಯ. ಧಾರಣೆ ಏರಲಿ ಎಂದು ಬೆಳೆಗಾರರು ಎರಡು ವರ್ಷ ಕಾಫಿಯನ್ನು ಗೋದಾಮಿನಲ್ಲಿಯೇ ಇಟ್ಟುಕೊಳ್ಳಬಹುದು. ಬಾಯಿಮಾತಿನ ಇಂಥ ವಾಯಿದೆಯನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡುವ ಹೊರೆಯೂ ವ್ಯಾಪಾರಿಯ ಮೇಲೆಯೇ ಬೀಳುತ್ತದೆ. ಆದ್ದರಿಂದ ನಾನು ಯಾವಾಗಲೂ ತಲುಪಿದ ದಿನವನ್ನೇ ಹಿಡಿದು ಲೆಕ್ಕ ಹಾಕುತ್ತೇನೆ. ಅದಕ್ಕಿಂತ ಮುಂದಿನ ದಿನ ಸಿಕ್ಕರೆ ಅದು ಲಾಭ.

ಲೆಕ್ಕ ಹಾಕುವಾಗ ಆರಂಭದ ದಿನವನ್ನು ಬಿಡಬೇಕು. ಹಾಗಾಗಿ ಮೊದಲ ಬಿಲ್ಲಿನ ಮೂರು ವರ್ಷ 2026ರ ಜನವರಿ 18ಕ್ಕೆ ಮುಗಿಯುತ್ತದೆ. ಎರಡನೇ ಬಿಲ್ಲಿನ ಮೂವತ್ತು ದಿನದ ವಾಯಿದೆ 2024ರ ಮಾರ್ಚ್ 10ಕ್ಕೆ ತೀರಿತು, ಏಕೆಂದರೆ ಆ ವರ್ಷ ಫೆಬ್ರವರಿಗೆ 29 ದಿನ. ಅದರ ಮೂರು ವರ್ಷ 2027ರ ಮಾರ್ಚ್ 10ರವರೆಗೆ. ಬಿಲ್ಲುಗಳು ಹತ್ತಾರು ಇದ್ದರೆ ಕಂಪ್ಯೂಟರಿನ ಹಾಳೆಯಲ್ಲಿ ಆರಂಭದ ದಿನವನ್ನು D ಕಾಲಂನಲ್ಲಿ ಎರಡನೇ ಸಾಲಿನಿಂದ ಬರೆದು, ಪಕ್ಕದ ಕಾಲಂ ಅನ್ನು ದಿನಾಂಕದ ರೂಪಕ್ಕೆ ಬದಲಿಸಿ ಅಲ್ಲಿ ಈ ಸೂತ್ರ ಹಾಕಿದರೆ ಕೊನೆಯ ದಿನ ಸಿಗುತ್ತದೆ:

```
=EDATE(D2,36)
```

"ನಮ್ಮದು ಚಾಲ್ತಿ ಖಾತೆ, ಪ್ರತಿ ಏಪ್ರಿಲ್‌ನಲ್ಲೂ ಹಳೇ ಬಾಕಿಯನ್ನು ಹೊಸ ಪುಸ್ತಕಕ್ಕೆ ಎಳೆದುಕೊಳ್ಳುತ್ತೇವೆ, ನಮಗೆ ಕಾಲಮಿತಿ ಎಲ್ಲಿಯದು" ಎಂದು ಕೇಳುವವರಿದ್ದಾರೆ. ನೀವು ನಿಮ್ಮ ಪುಸ್ತಕದಲ್ಲಿ ಬಾಕಿಯನ್ನು ಎಷ್ಟು ಸಲ ಮುಂದಕ್ಕೆ ಎಳೆದರೂ ಅದು ನಿಮ್ಮದೇ ಬರಹ. ಸಾಲಗಾರನ ಮೇಲೆ ಅದರಿಂದ ಹೊಸ ಅವಧಿ ಹುಟ್ಟುವುದಿಲ್ಲ. ಕಾಯ್ದೆಯ 1ನೇ ಅನುಚ್ಛೇದದಲ್ಲಿ ಖಾತೆಗೆ ಬೇರೆ ನಿಯಮವೊಂದಿದೆ ನಿಜ, ಆದರೆ ಅದು ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಸ್ವತಂತ್ರ ಹಕ್ಕು ಹುಟ್ಟುವ ಪರಸ್ಪರ ಖಾತೆಗೆ. ವ್ಯಾಪಾರಿ ತೋಟಕ್ಕೆ ಪೈಪು ಮಾರಿ, ಅದೇ ತೋಟದಿಂದ ಮೆಣಸು ಕೊಳ್ಳುತ್ತ, ಎರಡನ್ನೂ ಒಂದೇ ಖಾತೆಯಲ್ಲಿ ನಡೆಸಿದ್ದರೆ ಆ ವಾದಕ್ಕೆ ಬಲವಿದೆ. ಒಬ್ಬರು ಮಾರುತ್ತ ಇನ್ನೊಬ್ಬರು ಆಗಾಗ ಹಣ ಕೊಡುತ್ತ ಹೋದ ಖಾತೆಗೆ ಅದು ಅನ್ವಯಿಸುವುದಿಲ್ಲ.

ಜ್ಞಾಪನ ಪತ್ರ, ಫೋನು, ರಿಜಿಸ್ಟರ್ಡ್ ಅಂಚೆಯ ಲೀಗಲ್ ನೋಟಿಸು, ಇವು ಯಾವುವೂ ಕಾಲವನ್ನು ತಡೆಯುವುದಿಲ್ಲ. ಜಿಎಸ್‌ಟಿ ವಿವರಪಟ್ಟಿಯಲ್ಲಿ ಬಿಲ್ ತೋರಿಸಿದ್ದು ಕೂಡ ನಿಮ್ಮ ಹೇಳಿಕೆಯೇ ಹೊರತು ಕೊಂಡವರ ಒಪ್ಪಿಗೆಯಲ್ಲ. ಕಾಲ ಮೀರಿದ ದಾವೆಯನ್ನು, ಪ್ರತಿವಾದಿ ಆ ವಿಷಯವನ್ನು ಎತ್ತದಿದ್ದರೂ, ನ್ಯಾಯಾಲಯ ವಜಾ ಮಾಡಲೇಬೇಕು ಎಂದು ಲಿಮಿಟೇಷನ್ ಕಾಯ್ದೆಯ 3ನೇ ಕಲಂ ಹೇಳುತ್ತದೆ. ಮೇಲ್ಮನವಿಯಲ್ಲಿ ತಡವಾದರೆ ಕ್ಷಮೆ ಕೇಳುವ 5ನೇ ಕಲಂ ದಾವೆಗೆ ಇಲ್ಲ.

ಎರಡನೆಯದಾಗಿ, ಕೊನೆಯ ದಿನಕ್ಕಿಂತ ಮೊದಲೇ ಲಿಖಿತ ಒಪ್ಪಿಗೆ ಪಡೆಯಿರಿ

ಈ ಲೇಖನದ ತಿರುಳು ಅದೇ ಕಾಯ್ದೆಯ 18ನೇ ಕಲಂನಲ್ಲಿದೆ; ಮೇಲೆ ಹೇಳಿದ, ಪಟ್ಟಿಯ 18ನೇ ಅನುಚ್ಛೇದ ಬೇರೆ. ಕಾಲಮಿತಿ ಮುಗಿಯುವ ಮೊದಲು ಸಾಲಗಾರನು, ಅಥವಾ ಅವನಿಂದ ಅಧಿಕಾರ ಪಡೆದ ಪ್ರತಿನಿಧಿಯು, ತನ್ನ ಹೊಣೆಯನ್ನು ಬರವಣಿಗೆಯಲ್ಲಿ ಒಪ್ಪಿ ಸಹಿ ಮಾಡಿದರೆ, ಸಹಿ ಮಾಡಿದ ದಿನದಿಂದ ಹೊಸದಾಗಿ ಮೂರು ವರ್ಷ ಎಣಿಕೆಯಾಗುತ್ತದೆ. ಹಳೆಯ ಅವಧಿಯಲ್ಲಿ ಉಳಿದಿದ್ದ ದಿನಗಳು ಇದಕ್ಕೆ ಕೂಡಿಕೊಳ್ಳುವುದಿಲ್ಲ. ಎಣಿಕೆ ಮೊದಲಿನಿಂದ ಶುರುವಾಗುತ್ತದೆ.

ನಮ್ಮ ವ್ಯಾಪಾರಿ 2025ರ ನವೆಂಬರ್ 6ರಂದು ತೋಟಕ್ಕೆ ಹೋಗಿ, ವ್ಯವಹಾರ ನೋಡಿಕೊಳ್ಳುವ ಪಾಲುದಾರರಿಂದ ಹೀಗೊಂದು ಪತ್ರ ಪಡೆದರು ಎನ್ನಿ:

"ದಿನಾಂಕ 18-01-2023ರಂದು ನಮಗೆ ತಲುಪಿದ ಸ್ಪ್ರಿಂಕ್ಲರ್ ಪೈಪುಗಳ ಬಿಲ್ ಬಾಬ್ತು ರೂ. 1,84,000 ಹಾಗೂ ದಿನಾಂಕ 09-02-2024ರಂದು ತಲುಪಿದ ಪಂಪ್ ಮತ್ತು ಬಿಡಿಭಾಗಗಳ ಬಿಲ್ ಬಾಬ್ತು ರೂ. 96,500, ಒಟ್ಟು ರೂ. 2,80,500, ಈ ದಿನಕ್ಕೆ ನಮ್ಮ ಸಂಸ್ಥೆಯು ನಿಮಗೆ ಕೊಡಬೇಕಾದ ಬಾಕಿ ಇರುವುದನ್ನು ಒಪ್ಪಿರುತ್ತೇವೆ. ಪೈಪುಗಳಲ್ಲಿ ಹತ್ತು ಒಡೆದು ಬಂದಿದ್ದು, ಅವುಗಳ ಬೆಲೆಯನ್ನು ಕಳೆಯಬೇಕೆಂದು ಕೋರುತ್ತೇವೆ."

ಕೆಳಗೆ ಸ್ಥಳ, ದಿನಾಂಕ, ಸಂಸ್ಥೆಯ ಮೊಹರು, ಸಹಿ, ಸಹಿಯ ಕೆಳಗೆ ಹೆಸರು ಮತ್ತು "ಪಾಲುದಾರರು" ಎಂಬ ಪದ. ಇಷ್ಟಾದರೆ ಎರಡೂ ಬಿಲ್ಲುಗಳಿಗೆ 2028ರ ನವೆಂಬರ್ 6ರವರೆಗೆ ದಾವೆ ಹೂಡುವ ಅವಕಾಶ ಸಿಕ್ಕಿತು.

ಕೊನೆಯ ವಾಕ್ಯವನ್ನು ನೋಡಿ ವ್ಯಾಪಾರಿ "ಇದು ತಕರಾರಾಯಿತಲ್ಲ, ಈ ಕಾಗದ ಬೇಡ" ಎಂದು ವಾಪಸು ಕೊಟ್ಟರೆ ಅದು ದೊಡ್ಡ ತಪ್ಪು. ಒಪ್ಪಿಗೆಯ ಜತೆ ಇಷ್ಟು ಹಣ ಕಳೆಯಿರಿ ಎಂದು ಕೇಳಿದ್ದರೂ, ಹಣ ಕೊಡುವ ಕಾಲ ಇನ್ನೂ ಬಂದಿಲ್ಲ ಎಂದಿದ್ದರೂ, ಕೊನೆಗೆ ಕೊಡುವುದೇ ಇಲ್ಲ ಎಂದಿದ್ದರೂ, ಹೊಣೆ ಇರುವುದನ್ನು ಒಪ್ಪಿದ್ದರೆ ಸಾಕೆಂದು 18ನೇ ಕಲಂನ ವಿವರಣೆಯೇ ಹೇಳುತ್ತದೆ. ಪತ್ರ ನಿಮಗೇ ಬರೆದದ್ದಾಗಿರಬೇಕೆಂದೂ ಇಲ್ಲ. ತೋಟದವರು ತಮ್ಮ ಬ್ಯಾಂಕಿಗೆ ಬರೆದ ಪತ್ರದಲ್ಲಿ ನಿಮ್ಮ ಬಾಕಿಯನ್ನು ಒಪ್ಪಿದ್ದರೂ ಆದೀತು. ಒಡೆದ ಹತ್ತು ಪೈಪುಗಳ ಬೆಲೆ ಎಷ್ಟೆಂಬುದನ್ನು ಮುಂದೆ ಸಾಕ್ಷ್ಯದ ಮೇಲೆ ತೀರ್ಮಾನಿಸಿಕೊಳ್ಳಬಹುದು.

ಹಾಗೆಂದು ಎಲ್ಲ ಸೌಜನ್ಯದ ಮಾತೂ ಒಪ್ಪಿಗೆಯಾಗುವುದಿಲ್ಲ. "ನಿಮ್ಮ ಪತ್ರ ತಲುಪಿದೆ, ಲೆಕ್ಕ ನೋಡಿ ತಿಳಿಸುತ್ತೇವೆ" ಎಂಬುದರಲ್ಲಿ ಹೊಣೆಯ ಒಪ್ಪಿಗೆಯಿಲ್ಲ. "ಏನಾದರೂ ಬಾಕಿ ಇದ್ದರೆ ಕೊಡೋಣ" ಎಂಬುದರಲ್ಲಿಯೂ ಇಲ್ಲ. ಸುಪ್ರೀಂ ಕೋರ್ಟ್ 1961ರ ಒಂದು ತೀರ್ಪಿನಲ್ಲಿ ಹಾಕಿಕೊಟ್ಟ ಅಳತೆಯೆಂದರೆ, ಹಣ ಕೊಡುವ ವಾಗ್ದಾನ ಪತ್ರದಲ್ಲಿ ಇರಬೇಕಿಲ್ಲ, ಆದರೆ ಬರೆದ ದಿನದಂದು ಇಬ್ಬರ ನಡುವೆ ಸಾಲಗಾರ ಮತ್ತು ಸಾಲ ಕೊಟ್ಟವನ ಸಂಬಂಧ ಇದೆಯೆಂದು ಒಪ್ಪಿಕೊಳ್ಳುವ ಉದ್ದೇಶ ಅದರ ಮಾತುಗಳಿಂದ ಹೊರಡಬೇಕು. ಪತ್ರವನ್ನು ಕೈಗೆ ತೆಗೆದುಕೊಂಡಾಗ "ಕೊಡಬೇಕಾದ ಬಾಕಿ ಇದೆ" ಎಂಬ ಅರ್ಥ ಅದರಲ್ಲಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಬರುತ್ತದೆಯೇ ಎಂದು ನೋಡಿಕೊಳ್ಳಿ.

ಸಹಿ ಯಾರದು

ತೋಟಗಳಲ್ಲಿ ಸರಕನ್ನು ಇಳಿಸಿಕೊಳ್ಳುವವರು ಸಾಮಾನ್ಯವಾಗಿ ರೈಟರ್. ಚಲನ್ ಮೇಲೆ ಅವರ ಸಹಿ ಇದ್ದರೆ ಸರಕು ತಲುಪಿತೆಂಬುದಕ್ಕೆ ಅದು ಒಳ್ಳೆಯ ಸಾಕ್ಷ್ಯ. ಆದರೆ ಅದೇ ರೈಟರ್ ಬಾಕಿ ದೃಢೀಕರಣ ಪತ್ರಕ್ಕೆ ಸಹಿ ಹಾಕಿದರೆ, ಹಾಗೆ ಒಪ್ಪಿಕೊಳ್ಳುವ ಅಧಿಕಾರವನ್ನು ಮಾಲೀಕರು ಅವರಿಗೆ ಕೊಟ್ಟಿದ್ದರು ಎಂದು ಸಾಬೀತು ಮಾಡುವ ಕೆಲಸ ನಿಮ್ಮ ತಲೆಗೆ ಬರುತ್ತದೆ. ಲೆಕ್ಕ ಬರೆಯುವ ಗುಮಾಸ್ತರ ಸಹಿಗೂ ಇದೇ ಮಾತು. ಮಾರ್ಚ್ ಕೊನೆಯಲ್ಲಿ ಲೆಕ್ಕ ತಪಾಸಣೆಗಾಗಿ ಎಲ್ಲ ವ್ಯಾಪಾರಿಗಳೂ ಬಾಕಿ ದೃಢೀಕರಣ ಪತ್ರ ಕಳುಹಿಸುವುದು ವಾಡಿಕೆಯಿದ್ದು, ಅದು ನಿಜಕ್ಕೂ ಒಳ್ಳೆಯ ಸಂದರ್ಭ. ಆದರೆ ಅದು ಮಾಲೀಕರ ಮೇಜಿನವರೆಗೆ ಹೋಗಿ ಅವರ ಸಹಿಯೊಂದಿಗೆ ಬರಬೇಕು.

ಪಾಲುದಾರಿಕೆಯಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಒಬ್ಬ ಪಾಲುದಾರ ಒಪ್ಪಿಗೆಗೆ ಸಹಿ ಮಾಡಿದ ಮಾತ್ರಕ್ಕೇ ಇನ್ನೊಬ್ಬ ಪಾಲುದಾರ ಹೊಣೆಯಾಗುವುದಿಲ್ಲ ಎಂದು 20ನೇ ಕಲಂ ಹೇಳುತ್ತದೆ. ಸಂಸ್ಥೆಯ ದಿನನಿತ್ಯದ ವ್ಯವಹಾರ ನಡೆಸುವ ಪಾಲುದಾರ ಸಂಸ್ಥೆಯ ಪರವಾಗಿ ಸಹಿ ಮಾಡಿದ್ದರೆ ಅವರಿಗೆ ಅಧಿಕಾರವಿತ್ತೆಂದು ವಾದಿಸಲು ಬರುತ್ತದೆ, ಆದರೆ ವಾದಿಸಬೇಕಾದ ಪರಿಸ್ಥಿತಿಯನ್ನೇ ತಪ್ಪಿಸುವುದು ಲೇಸು. ಸಂಸ್ಥೆಯ ಲೆಟರ್‌ಹೆಡ್ ಮೇಲೆ, ಮೊಹರಿನೊಂದಿಗೆ, ಸಾಧ್ಯವಾದರೆ ಇಬ್ಬರ ಸಹಿಯನ್ನೂ ಪಡೆಯಿರಿ. ತೋಟವು ಹಿಂದೂ ಅವಿಭಕ್ತ ಕುಟುಂಬದ್ದಾಗಿದ್ದು, ಸಾಲ ಕುಟುಂಬದ ಪರವಾಗಿ ಆಗಿದ್ದರೆ, ಕುಟುಂಬದ ಯಜಮಾನರ ಸಹಿ ಇಡೀ ಕುಟುಂಬದ ಒಪ್ಪಿಗೆಯಾಗುತ್ತದೆ. ಅಣ್ಣ ತಮ್ಮಂದಿರು ಪಾಲಾಗಿ ಬೇರೆಯಾದ ಮೇಲೆ ಅಣ್ಣನ ಸಹಿಯನ್ನು ತಂದು ತಮ್ಮನಿಂದ ಕೇಳಲು ಬರುವುದಿಲ್ಲ.

ಇಮೇಲ್ ಬಂದರೆ ಅದನ್ನು ಅಲ್ಲಗಳೆಯಬೇಡಿ. ಸಾಲಗಾರನ ಕಡೆಯಿಂದ ಇಮೇಲ್ ಮೂಲಕ ಬಂದ ಒಪ್ಪಿಗೆಯೂ 18ನೇ ಕಲಂನ ಒಪ್ಪಿಗೆಯೇ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ, ಮಾಹಿತಿ ತಂತ್ರಜ್ಞಾನ ಕಾಯ್ದೆಯನ್ನು ಜತೆಗಿಟ್ಟು ಓದಿ, ತೀರ್ಮಾನಿಸಿದೆ. ಅದನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕಾಗುತ್ತದೆ, ಆದ್ದರಿಂದ ಮೂಲ ಇಮೇಲನ್ನು ಅಳಿಸದೆ ಉಳಿಸಿ. ವಾಟ್ಸ್ಆ್ಯಪ್‌ನಲ್ಲಿ "ಆಯ್ತು ಸಾರ್, ನೋಡೋಣ" ಎಂಬ ಉತ್ತರವನ್ನೂ ಎರಡು ನೀಲಿ ಗೆರೆಯನ್ನೂ ನಂಬಿ ಮೂರನೇ ವರ್ಷವನ್ನು ದಾಟಬೇಡಿ.

ನೋಟಿಸಿನಿಂದ ಕಾಲ ನಿಲ್ಲದಿದ್ದರೂ, ನೋಟಿಸಿಗೆ ಬಂದ ಉತ್ತರವನ್ನು ಎಚ್ಚರದಿಂದ ಓದಬೇಕು. ತೋಟದವರ ವಕೀಲರು ಅವರ ಸೂಚನೆಯಂತೆ "ನಮ್ಮ ಕಕ್ಷಿದಾರರು ಸರಕು ಪಡೆದಿರುವುದು ನಿಜ, ಬಾಕಿಯಿರುವುದೂ ನಿಜ, ಆದರೆ ಬಡ್ಡಿಯನ್ನು ಒಪ್ಪುವುದಿಲ್ಲ" ಎಂದು ಬರೆದಿದ್ದರೆ, ನೀವು ಹುಡುಕುತ್ತಿದ್ದ ಕಾಗದ ಅಂಚೆಯಲ್ಲೇ ಬಂದಿರುತ್ತದೆ.

ಸ್ವಲ್ಪ ಹಣ ಕೊಟ್ಟರೆ

ಕಾಲಮಿತಿಯೊಳಗೆ ಭಾಗಶಃ ಹಣ ಸಂದಾಯವಾದರೆ, ಸಂದಾಯದ ದಿನದಿಂದ ಹೊಸ ಅವಧಿ ಶುರುವಾಗುತ್ತದೆಂದು 19ನೇ ಕಲಂ ಹೇಳುತ್ತದೆ. ಅದಕ್ಕೊಂದು ಷರತ್ತಿದೆ: ಸಂದಾಯದ ದಾಖಲೆ ಹಣ ಕೊಟ್ಟವರ ಕೈಬರಹದಲ್ಲಿ ಅಥವಾ ಅವರ ಸಹಿಯುಳ್ಳ ಬರಹದಲ್ಲಿ ಇರಬೇಕು. ಚೆಕ್ ಕೊಟ್ಟು ಅದು ಪಾಸಾದರೆ ಸಹಿ ಅದರಲ್ಲೇ ಇರುತ್ತದೆ. ನಗದು ಕೊಟ್ಟಾಗ ನೀವು ಹರಿದುಕೊಟ್ಟ ರಸೀದಿಯಲ್ಲಿ ಇರುವುದು ನಿಮ್ಮ ಸಹಿ. ಅದರ ನಕಲಿನ ಮೇಲೆ ಅವರ ಸಹಿಯನ್ನೂ ಪಡೆಯಬೇಕು. ಬ್ಯಾಂಕ್ ವರ್ಗಾವಣೆ ಅಥವಾ ಯುಪಿಐ ಆದರೆ, ಯಾವ ಬಿಲ್ ಬಾಬ್ತು ಎಷ್ಟು ಕಳುಹಿಸಿದ್ದೇವೆ ಎಂದು ಎರಡು ಸಾಲಿನ ಸಹಿ ಮಾಡಿದ ಪತ್ರ ಅಥವಾ ಇಮೇಲ್ ಕೇಳಿ ಪಡೆಯಿರಿ.

ಬಾಬ್ತು ಬರೆಸುವುದು ಏಕೆಂದರೆ, ತೋಟದವರು 25,000 ರೂಪಾಯಿಯನ್ನು "ಪಂಪಿನ ಬಿಲ್ ಬಾಬ್ತು" ಎಂದು ಸೂಚಿಸಿ ಕೊಟ್ಟರೆ, ಹೊಸ ಅವಧಿ ಸಿಗುವುದು ಎರಡನೇ ಬಿಲ್ಲಿಗೆ ಮಾತ್ರ. ಪೈಪಿನ ಬಿಲ್ಲಿನ ಗಡಿಯಾರ ತನ್ನ ಪಾಡಿಗೆ ಓಡುತ್ತಿರುತ್ತದೆ.

ಕೊನೆಯ ದಿನ ದಾಟಿಹೋಗಿದ್ದರೆ

ಈಗ ಅದೇ ಪತ್ರಕ್ಕೆ ಪಾಲುದಾರರು ನವೆಂಬರ್ 6ರ ಬದಲು 2026ರ ಜನವರಿ 19ರಂದು ಸಹಿ ಮಾಡಿದರು ಎಂದುಕೊಳ್ಳೋಣ. ಮೊದಲ ಬಿಲ್ಲಿನ ಕೊನೆಯ ದಿನವಾದ ಜನವರಿ 18 ಭಾನುವಾರ. ನ್ಯಾಯಾಲಯ ಮುಚ್ಚಿದ್ದರೆ ತೆರೆದ ದಿನ ದಾವೆ ಹೂಡಬಹುದೆಂದು 4ನೇ ಕಲಂ ಹೇಳುವುದರಿಂದ, ಸೋಮವಾರ 19ರಂದು ದಾವೆ ದಾಖಲಿಸಲು ಅಡ್ಡಿಯಿರಲಿಲ್ಲ. ಆದರೆ ಆ ರಿಯಾಯಿತಿ ನ್ಯಾಯಾಲಯದ ಬಾಗಿಲಿಗೆ ಸಂಬಂಧಿಸಿದ್ದು, ಅದು ಮೂರು ವರ್ಷದ ಅವಧಿಯನ್ನೇ ಒಂದು ದಿನ ಉದ್ದ ಮಾಡುವುದಿಲ್ಲ. ತೋಟದ ಮನೆಯಲ್ಲಿ ಭಾನುವಾರವೂ ಸಹಿ ಮಾಡಬಹುದು. ಆದ್ದರಿಂದ ಸೋಮವಾರದ ಸಹಿ 1,84,000 ರೂಪಾಯಿಯ ಬಿಲ್ಲಿಗೆ 18ನೇ ಕಲಂನಡಿ ಉಪಯೋಗಕ್ಕೆ ಬರುವುದಿಲ್ಲ. 96,500 ರೂಪಾಯಿಯ ಬಿಲ್ಲಿಗೆ ಮಾತ್ರ 2029ರ ಜನವರಿಯವರೆಗೆ ಜೀವ ಬರುತ್ತದೆ. ಒಂದೇ ಕಾಗದ, ಒಂದೇ ಸಹಿ, ಅರ್ಧಕ್ಕಿಂತ ಹೆಚ್ಚು ಹಣ ಹೊರಗೆ.

ಆಗ ಉಳಿಯುವ ದಾರಿ 1872ರ ಕರಾರು ಕಾಯ್ದೆಯ 25ನೇ ಕಲಂನ ಮೂರನೇ ಉಪಕಲಂ. ಕಾಲ ಮೀರಿದ ಸಾಲವನ್ನು ತೀರಿಸುವೆನೆಂದು ಸಾಲಗಾರ ಬರವಣಿಗೆಯಲ್ಲಿ ವಾಗ್ದಾನ ಮಾಡಿ ಸಹಿ ಹಾಕಿದರೆ, ಅದು ಹೊಸ ಕರಾರಾಗಿ ಜಾರಿಗೆ ಅರ್ಹವಾಗುತ್ತದೆ. ವ್ಯತ್ಯಾಸ ಒಂದು ಕ್ರಿಯಾಪದದಲ್ಲಿದೆ. "ಬಾಕಿ ಇರುವುದನ್ನು ಒಪ್ಪಿರುತ್ತೇವೆ" ಎಂಬುದು ಕಾಲಮಿತಿಯೊಳಗೆ ಸಾಕಾಗುತ್ತಿತ್ತು, ಈಗ ಸಾಲದು, "ರೂ. 1,84,000ವನ್ನು ನಿಮಗೆ ಪಾವತಿಸುತ್ತೇವೆ" ಎಂಬ ಮಾತು ಬೇಕು. ಹಾಗಾಗಿ ಒಪ್ಪಿಗೆ ಪತ್ರ ಬರೆಸುವಾಗ ಕಾಲ ಮೀರಿದೆಯೋ ಇಲ್ಲವೋ ಎಂಬ ಅನುಮಾನ ಸ್ವಲ್ಪ ಇದ್ದರೂ ಒಪ್ಪಿಗೆ ಮತ್ತು ವಾಗ್ದಾನ ಎರಡನ್ನೂ ಬರೆಸಿಬಿಡುತ್ತೇನೆ. ಹಿಂದಿನ ದಿನಾಂಕ ಹಾಕಿಸುವ ಸಲಹೆಯನ್ನು ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಪಾಟಿಸವಾಲಿನಲ್ಲಿ ಅದು ಬಯಲಾದರೆ ಎರಡನೇ ಬಿಲ್ಲಿನ ಮೇಲಿನ ನಂಬಿಕೆಯೂ ಹೋಗುತ್ತದೆ.

ದಾವೆಗೆ ಹೊರಟಾಗ

ಒಪ್ಪಿಗೆ ಪತ್ರದ ಬಲದ ಮೇಲೆ ಮೂರು ವರ್ಷದ ನಂತರ ದಾವೆ ಹೂಡುವುದಾದರೆ, ಕಾಲಮಿತಿಯಿಂದ ವಿನಾಯಿತಿ ಯಾವ ಆಧಾರದ ಮೇಲೆ ಎಂಬುದನ್ನು ವಾದಪತ್ರದಲ್ಲಿಯೇ ಹೇಳಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 6ನೇ ನಿಯಮ ವಿಧಿಸುತ್ತದೆ. ವಕೀಲರು ಬರೆದ ಕರಡನ್ನು ಓದುವಾಗ ಒಪ್ಪಿಗೆಯ ದಿನಾಂಕ, ಸಹಿ ಮಾಡಿದವರು ಯಾರು, ಅವರ ಅಧಿಕಾರವೇನು ಎಂಬ ಪ್ಯಾರಾ ಇದೆಯೇ ಎಂದು ನೀವೂ ನೋಡಿ.

ಅಸಲು 2,80,500 ಆದರೂ ದಾವೆಯ ದಿನದವರೆಗಿನ ಬಡ್ಡಿ ಸೇರಿ ಮೂರು ಲಕ್ಷ ಮುಟ್ಟಿದರೆ ಅದು ವಾಣಿಜ್ಯ ದಾವೆಯಾಗಬಹುದು. ಆಗ ತುರ್ತು ಮಧ್ಯಂತರ ಆದೇಶ ಕೇಳದಿದ್ದಲ್ಲಿ ಮೊದಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ. ಹೋಗದೆ ಹೂಡಿದ ದಾವೆ ತಿರಸ್ಕೃತವಾಗುತ್ತದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಮಧ್ಯಸ್ಥಿಕೆಯಲ್ಲಿ ಕಳೆದ ಅವಧಿಯನ್ನು ಕಾಲಮಿತಿಯ ಎಣಿಕೆಯಿಂದ ಬಿಡಲಾಗುತ್ತದೆ, ಆದರೆ ಅರ್ಜಿಯನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳುವುದು ಜಾಣತನವಲ್ಲ.

ಕೊನೆಗೆ ಕಾಗದದ ವಿಷಯ. ಪತ್ರದಲ್ಲಿ ದಿನಾಂಕ ಬಿಟ್ಟುಹೋಗಿದ್ದರೆ ಎಂದು ಸಹಿಯಾಯಿತೆಂದು ಸಾಕ್ಷಿಗಳಿಂದ ಹೇಳಿಸಬಹುದು, ಆದರೆ ಪತ್ರದಲ್ಲಿ ಏನಿತ್ತು ಎಂಬುದನ್ನು ಬಾಯಿಮಾತಿನಿಂದ ಹೇಳಿಸಲು 18ನೇ ಕಲಂ ಬಿಡುವುದಿಲ್ಲ. ಆದ್ದರಿಂದ ಮೂಲ ಪ್ರತಿ ಮುಖ್ಯ. ಅದನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಪಂಚಿಂಗ್ ಮಾಡುವಾಗ ಸಹಿಯ ಮೇಲೆ ತೂತು ಬೀಳದಂತೆ ನೋಡಿಕೊಳ್ಳಿ, ಅಂಚೆಯಲ್ಲಿ ಬಂದಿದ್ದರೆ ಮುದ್ರೆ ಬಿದ್ದ ಲಕೋಟೆಯನ್ನೂ ಅದರ ಜತೆಯಲ್ಲೇ ಇಡಿ. ಕಂಪ್ಯೂಟರಿನ ಹಾಳೆಯಲ್ಲಿ ಎರಡೂ ಬಿಲ್ಲುಗಳ ಆರಂಭದ ದಿನವನ್ನು ಅಳಿಸಿ 06-11-2025 ಎಂದು ತಿದ್ದಿದರೆ, ಪಕ್ಕದ ಕಾಲಂ ತಾನಾಗಿಯೇ 06-11-2028 ಎಂದು ತೋರಿಸುತ್ತದೆ.